ಖಣ ಮಾರಲು ಮೊದಲು ಯಾವ ಆ್ಯಪ್? ಮೀಶೋ, ಫ್ಲಿಪ್‌ಕಾರ್ಟ್, ಅಮೆಜಾನ್, ಎಟ್ಸಿ ಪಕ್ಕಪಕ್ಕ ಇಟ್ಟು ನೋಡಿದಾಗ

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಪಕ್ಕದ ಸೊಸೈಟಿಯಲ್ಲಿ ಶೋಭಕ್ಕ ಇದ್ದಾರೆ. ತವರು ಬಾಗಲಕೋಟೆ ಕಡೆ. ಪ್ರತಿ ಸಲ ಊರಿಗೆ ಹೋದಾಗ ಗುಳೇದಗುಡ್ಡದಿಂದ ಒಂದು ಗಂಟು ಖಣ ತರುತ್ತಾರೆ, ಇಲ್ಲಿಯ ಮರಾಠಿ ಗೆಳತಿಯರು ಎರಡು ದಿನದಲ್ಲಿ ಖಾಲಿ ಮಾಡುತ್ತಾರೆ. ಹೋದ ತಿಂಗಳು ಚಹಾಕ್ಕೆ ಕರೆದು ಕೇಳಿದರು: "ತಮ್ಮಾ, ಆನ್‌ಲೈನ್‌ನಾಗ ಮಾರಬೇಕಂತೀನಿ. ಯಾವುದ್ರಾಗ ಶುರು ಮಾಡ್ಲಿ? ಒಬ್ಬರು ಮೀಶೋ ಅಂತಾರ, ಕಮಿಷನ್ ಇಲ್ಲಂತ. ಇನ್ನೊಬ್ಬರು ಅಮೆಜಾನ್ ಅಂತಾರ, ರೇಟ್ ಸಿಗತೈತಂತ." ನಾನು ಆರು ವರ್ಷದಿಂದ ಪುಣೆಯಲ್ಲಿ ಕೂತು ಬಟ್ಟೆ ಮಾರುತ್ತಿದ್ದೇನೆ. ಇದೇ ಪ್ರಶ್ನೆ ಮುಂಬೈ, ಪುಣೆಯ ನಮ್ಮ ಜನರಿಂದ ಬರುತ್ತಲೇ ಇರುತ್ತದೆ. ಹಾಗಾಗಿ ಶೋಭಕ್ಕನ ಜೊತೆ ಕೂತು ಮಾಡಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ. ನಿಮ್ಮ ಸರಕು ಬೇರೆ ಇರಬಹುದು, ಆದರೆ ಲೆಕ್ಕದ ದಾರಿ ಇದೇ.

ಎಲ್ಲರೂ ಮೊದಲು ಕೇಳುವುದು ಕಮಿಷನ್. ಈಗ ಅದರ ತೂಕ ತುಂಬಾ ಕಡಿಮೆಯಾಗಿದೆ. ಮೀಶೋ 2021ರಿಂದಲೇ ಕಮಿಷನ್ ತೆಗೆದಿದೆ. ಅಮೆಜಾನ್ 2025ರ ಏಪ್ರಿಲ್‌ನಲ್ಲಿ 300 ರೂಪಾಯಿ ಒಳಗಿನ ಸರಕಿಗೆ 135 ವರ್ಗಗಳಲ್ಲಿ ರೆಫರಲ್ ಶುಲ್ಕ, ಅಂದರೆ ಅವರ ಕಮಿಷನ್, ಬಿಟ್ಟಿತು. ಫ್ಲಿಪ್‌ಕಾರ್ಟ್ ಅದೇ ವರ್ಷ ನವೆಂಬರ್‌ನಲ್ಲಿ 1000 ರೂಪಾಯಿ ಒಳಗಿನ ಸರಕಿಗೆ ಸೊನ್ನೆ ಕಮಿಷನ್ ಎಂದಿತು. ಅಂದರೆ ಹೊಸಬರು ಸಾಮಾನ್ಯವಾಗಿ ಮಾರುವ ಬೆಲೆಯಲ್ಲಿ ಕಮಿಷನ್ ವ್ಯತ್ಯಾಸ ಕರಗುತ್ತಾ ಬಂದಿದೆ. ನಿಜವಾಗಿ ಕೈಗೆ ಬರುವ ದುಡ್ಡನ್ನು ತಿನ್ನುವುದು ಬೇರೆ ಎರಡು: ಪಾರ್ಸೆಲ್ ಸಾಗಿಸುವ ಖರ್ಚು ಮತ್ತು ವಾಪಸ್ ಬರುವ ಪಾರ್ಸೆಲ್. ಈ ಎರಡನ್ನೂ ನಿರ್ಧರಿಸುವುದು ಕೊಳ್ಳುವವರು ಯಾರು, ಯಾವ ಬೆಲೆಗೆ ಕೊಳ್ಳುತ್ತಾರೆ ಎಂಬುದು.

ಹಾಗಾಗಿ ನಾನು ನೋಡುವ ಕ್ರಮ ಹೀಗಿದೆ. ಮೊದಲು, ಆ ಆ್ಯಪ್‌ನಲ್ಲಿ ಮಾರಲು ನನ್ನ ಹತ್ತಿರ ಇರುವ ಕಾಗದ ಸಾಕೇ? ಆಮೇಲೆ, ನನ್ನ ಸರಕು ಬೇಕಾದವರು ಅಲ್ಲಿ ಇದ್ದಾರೆಯೇ, ಅವರು ಏನಂತ ಟೈಪ್ ಮಾಡಿ ಹುಡುಕುತ್ತಾರೆ, ಎಷ್ಟಕ್ಕೆ ಕೊಳ್ಳುತ್ತಾರೆ? ಕೊನೆಗೆ, ರಿಟರ್ನ್ ಎಲ್ಲ ಕಳೆದು ಮಾರಾಟವಾದ ಒಂದು ಪೀಸಿಗೆ ಎಷ್ಟು ಉಳಿಯುತ್ತದೆ?

ಕಾಗದದ ವಿಷಯ: ಇಲ್ಲಿ ಮಹಾರಾಷ್ಟ್ರ, ಗೋವಾ ಒಂದೇ ಅಲ್ಲ

ಮೊದಲೆಲ್ಲ ಆನ್‌ಲೈನ್ ಆ್ಯಪ್‌ನಲ್ಲಿ ಟ್ಯಾಕ್ಸ್ ಬೀಳುವ ಸರಕು ಮಾರಬೇಕಾದರೆ, ಒಂದು ರೂಪಾಯಿ ವ್ಯಾಪಾರ ಇದ್ದರೂ ಜಿಎಸ್‌ಟಿ ನಂಬರ್ ಬೇಕೇ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಅದು ಸಡಿಲವಾಯಿತು. ವ್ಯಾಪಾರ ಜಿಎಸ್‌ಟಿ ಮಿತಿಯೊಳಗೆ ಇದ್ದರೆ, ಮಹಾರಾಷ್ಟ್ರದಲ್ಲಿ ಸರಕಿಗೆ ಅದು ವರ್ಷಕ್ಕೆ 40 ಲಕ್ಷ, ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ಎನ್ರೋಲ್‌ಮೆಂಟ್ ನಂಬರ್ ಪಡೆದು ಮಾರಬಹುದು. ತಿಂಗಳು ತಿಂಗಳು ಜಿಎಸ್‌ಟಿ ರಿಟರ್ನ್ ಫೈಲ್ ಮಾಡುವ ತಲೆನೋವು ಇಲ್ಲ. ಆದರೆ ಕಟ್ಟುನಿಟ್ಟಾದ ಷರತ್ತು ಒಂದಿದೆ: ನಿಮ್ಮ ರಾಜ್ಯದ ಒಳಗೆ ಮಾತ್ರ ಮಾರಬೇಕು. ಗಡಿ ದಾಟಿ ಒಂದು ಪೀಸೂ ಹೋಗುವಂತಿಲ್ಲ.

ಇದನ್ನು ಕೇಳಿದ ಕೂಡಲೇ ಶೋಭಕ್ಕನ ಮುಖ ಸಣ್ಣದಾಯಿತು. "ಹಂಗಾದ್ರ ಬರೇ ಮಹಾರಾಷ್ಟ್ರ ಅಷ್ಟೇನಾ?" ಆದರೆ ಯೋಚನೆ ಮಾಡಿ. ಖಣ ಯಾರಿಗೆ ಬೇಕು? ನಮ್ಮ ಉತ್ತರ ಕರ್ನಾಟಕದವರನ್ನು ಬಿಟ್ಟರೆ ಮರಾಠಿ ಮನೆಗಳಿಗೆ. ನಾವು ಉಡಿ ತುಂಬುವುದು ಎನ್ನುತ್ತೇವೆ, ಅವರು ಓಟಿ ಭರಣೆ ಎನ್ನುತ್ತಾರೆ, ಎರಡಕ್ಕೂ ಖಣ, ತೆಂಗಿನಕಾಯಿ ಬೇಕು. ಚೈತ್ರದ ಅರಿಶಿನ ಕುಂಕುಮ, ಶ್ರಾವಣ, ಗೌರಿ, ನವರಾತ್ರಿ, ಸಂಕ್ರಾಂತಿ, ವರ್ಷವಿಡೀ ಬೇಡಿಕೆ. 2011ರ ಜನಗಣತಿಯಲ್ಲೇ ಮಹಾರಾಷ್ಟ್ರದಲ್ಲಿ 11 ಕೋಟಿಗೂ ಜಾಸ್ತಿ ಜನ. ಖಣಕ್ಕೆ ಇದಕ್ಕಿಂತ ಒಳ್ಳೆಯ ಮಾರುಕಟ್ಟೆ ಬೇರೆ ರಾಜ್ಯದಲ್ಲಿ ಹುಡುಕಿದರೂ ಸಿಗಲ್ಲ. ಸರಕನ್ನು ಕರ್ನಾಟಕದಿಂದ ತರುವುದಕ್ಕೆ ಈ ಷರತ್ತು ಅಡ್ಡ ಬರುವುದಿಲ್ಲ, ಅದು ಕೊಳ್ಳುವುದು. ಮಾರುವುದು ಮಾತ್ರ ರಾಜ್ಯದೊಳಗೆ ಇರಬೇಕು.

ಗೋವಾದಲ್ಲಿ ಇರುವವರಿಗೆ ಈ ಲೆಕ್ಕ ಪೂರ್ತಿ ತಿರುಗುತ್ತದೆ. ಮಡಗಾಂವ್, ವಾಸ್ಕೋದಲ್ಲಿ ನಮ್ಮವರು ಎಷ್ಟೋ ಜನ ಇದ್ದಾರೆ, ಆದರೆ ಇಡೀ ರಾಜ್ಯದ ಜನಸಂಖ್ಯೆ ಅದೇ 2011ರ ಜನಗಣತಿಯಲ್ಲಿ 15 ಲಕ್ಷದ ಒಳಗೆ. ಎನ್ರೋಲ್‌ಮೆಂಟ್ ನಂಬರ್ ಹಿಡಿದು ಅಷ್ಟರಲ್ಲೇ ಮಾರುವುದು ಸುಮ್ನೆ ಸಮಯ ಕಳೆದಂತೆ. ಪಕ್ಕದ ಕಾರವಾರಕ್ಕೆ ಕಳಿಸಿದರೂ ಅದು ಹೊರರಾಜ್ಯವೇ. ಗೋವಾದಿಂದ ಶುರು ಮಾಡುವವರು ಮೊದಲ ದಿನವೇ ಜಿಎಸ್‌ಟಿ ಮಾಡಿಸಿಕೊಳ್ಳಿ.

ಮೀಶೋ ಎನ್ರೋಲ್‌ಮೆಂಟ್ ನಂಬರ್ ಇರುವವರನ್ನು ಸೇರಿಸಿಕೊಳ್ಳುತ್ತದೆ. ಅಮೆಜಾನ್‌ನಲ್ಲಿ ಬಟ್ಟೆಯಂಥ ಟ್ಯಾಕ್ಸ್ ಬೀಳುವ ಸರಕಿಗೆ ಜಿಎಸ್‌ಟಿ ನಂಬರ್ ಬೇಕು. ಫ್ಲಿಪ್‌ಕಾರ್ಟ್‌ಗೂ ಅದನ್ನೇ ಇಟ್ಟುಕೊಂಡು ಹೋಗುವುದು ಸರಿ. ಕೈಕಸುಬಿನ ಸರಕು ಮಾರುವ ಅಮೆರಿಕದ ಆ್ಯಪ್ ಎಟ್ಸಿಯಲ್ಲಿ ಹೊರದೇಶಕ್ಕೆ ಕಳಿಸಬೇಕಾದರೆ ಜಿಎಸ್‌ಟಿ ಜೊತೆಗೆ ಕೇಂದ್ರದ ವಿದೇಶ ವ್ಯಾಪಾರ ಕಚೇರಿ ಡಿಜಿಎಫ್‌ಟಿ ರಫ್ತು ಮಾಡುವವರಿಗೆ ಕೊಡುವ ಐಇಸಿ ನಂಬರ್ ಕೂಡ ಬೇಕು, ಅದಕ್ಕೆ 500 ರೂಪಾಯಿ ಶುಲ್ಕ.

ಎರಡು ಖಣ, ಎರಡು ಬಗೆಯ ಗಿರಾಕಿ

ಶೋಭಕ್ಕನ ಗಂಟಿನಲ್ಲಿ ಎರಡು ಬಗೆ ಇವೆ. ಒಂದು ಪವರ್‌ಲೂಮ್‌ನ ಪಾಲಿಯೆಸ್ಟರ್ ಖಣ, ಅವರಿಗೆ ಪೀಸಿಗೆ 90 ರೂಪಾಯಿ ಬೀಳುತ್ತದೆ. ಇನ್ನೊಂದು ಕೈಮಗ್ಗದ್ದು, ಹತ್ತಿ, ರೇಷ್ಮೆ ಸೇರಿಸಿ ನೇಯ್ದದ್ದು, ಪೀಸಿಗೆ 320. ಫೋಟೊದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ತರ ಕಾಣುತ್ತವೆ. ತೊಂದರೆ ಶುರುವಾಗುವುದೇ ಅಲ್ಲಿ.

ಪಾಲಿಯೆಸ್ಟರ್ ಖಣ ಕೊಳ್ಳುವವರು ಉಡಿಗೆ ಇಡಲು ಕೊಳ್ಳುತ್ತಾರೆ. ಒಬ್ಬರಿಗೆ ಐದೋ ಹತ್ತೋ ಬೇಕು. ಬಣ್ಣ ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ, ಬೆಲೆ ಮಾತ್ರ ಹತ್ತು ರೂಪಾಯಿ ಜಾಸ್ತಿ ಆದರೆ ಪಕ್ಕದವರ ಹತ್ತಿರ ಹೋಗುತ್ತಾರೆ. ಕೈಮಗ್ಗದ ಖಣ ಕೊಳ್ಳುವವರು ಕುಬಸ ಹೊಲಿಸಲು, ಕುರ್ತಾ ಮಾಡಿಸಲು ಒಂದೋ ಎರಡೋ ಕೊಳ್ಳುತ್ತಾರೆ. ಬಟ್ಟೆ ಮುಟ್ಟಿದ ಹಾಗೆ ಅನಿಸುವಷ್ಟು ಹತ್ತಿರದ ಫೋಟೊ ಕೇಳುತ್ತಾರೆ, ಅಂಚು ಹೇಗಿದೆ, ಅಗಲ ಎಷ್ಟು, ಬಣ್ಣ ಹೋಗುತ್ತದಾ ಅಂತ ನಾಲ್ಕು ಪ್ರಶ್ನೆ ಕೇಳುತ್ತಾರೆ, ಉತ್ತರ ಸರಿ ಸಿಕ್ಕರೆ 600 ಕೊಡಲು ಹಿಂದೆಮುಂದೆ ನೋಡುವುದಿಲ್ಲ.

ಇವರಿಬ್ಬರೂ ಒಂದೇ ಆ್ಯಪ್‌ನಲ್ಲಿ ಕೂತಿಲ್ಲ. ಅದನ್ನು ಕಂಡುಕೊಳ್ಳಲು ಮಾರುವ ಖಾತೆ ತೆರೆಯುವ ಅಗತ್ಯವೇ ಇಲ್ಲ. ಗಿರಾಕಿಯ ಹಾಗೆ ಆ್ಯಪ್ ತೆರೆಯಿರಿ, ಪಿನ್‌ಕೋಡ್ ಹಾಕಿ, ಮರಾಠಿಯವರು ಬರೆಯುವ ಹಾಗೆ `khun blouse piece` ಅಂತ ಒಂದು ಸಲ, `khan fabric` ಅಂತ ಇನ್ನೊಂದು ಸಲ ಹುಡುಕಿ. ಮೊದಲ ಇಪ್ಪತ್ತು ಪೀಸಿನ ಬೆಲೆ ಕಾಗದದ ಮೇಲೆ ಬರೆದುಕೊಳ್ಳಿ. ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಇಟ್ಟು ನಡುವಿನ ಬೆಲೆ ನೋಡಿ. ಅದು ನಿಮ್ಮ ಕೊಂಡ ಬೆಲೆ ಮತ್ತು ಪಾರ್ಸೆಲ್ ಖರ್ಚು ಸೇರಿಸಿದ್ದಕ್ಕಿಂತ ಕೆಳಗೆ ಇದ್ದರೆ ಆ ಸರಕಿಗೆ ಆ ಆ್ಯಪ್ ಅಲ್ಲ, ಎಷ್ಟೇ ಕಮಿಷನ್ ಬಿಟ್ಟರೂ ಅಲ್ಲ. ಆಮೇಲೆ ಚೆನ್ನಾಗಿ ಮಾರುತ್ತಿರುವ ಎರಡು ಮೂರು ಪೀಸಿನ ಒಂದು ಸ್ಟಾರ್ ರಿವ್ಯೂಗಳನ್ನು ಓದಿ. "ಬಟ್ಟೆ ತೆಳು", "ಫೋಟೊದಲ್ಲಿ ಬೇರೆ ಬಣ್ಣ" ಅಂತ ಇದ್ದರೆ ನಿಮಗೂ ಅದೇ ಕಾರಣಕ್ಕೆ ರಿಟರ್ನ್ ಬರುತ್ತದೆ. ನಾನು ಇದಕ್ಕೆ ಒಂದು ಇಡೀ ಸಂಜೆ ಕೊಡುತ್ತೇನೆ.

ಮೀಶೋ

ಮೀಶೋದಲ್ಲಿ ಬೆಲೆಯೇ ಮಾತಾಡುತ್ತದೆ. ಬ್ರ್ಯಾಂಡ್ ಇಲ್ಲದ ಸರಕು ಜಾಸ್ತಿ, ಸಣ್ಣ ಊರಿನ ಗಿರಾಕಿ ಜಾಸ್ತಿ, ಕ್ಯಾಶ್ ಆನ್ ಡೆಲಿವರಿ ಜಾಸ್ತಿ. ಸಾಂಗ್ಲಿ, ಸೊಲ್ಲಾಪುರ, ಲಾತೂರ್‌ನಿಂದ ಉಡಿ ಖಣ ಹುಡುಕುವವರು ಇಲ್ಲಿ ಸಿಗುತ್ತಾರೆ. ನೀವು ನಿಮ್ಮ ಬೆಲೆ ಹಾಕುತ್ತೀರಿ, ಸಾಗಾಟದ ಖರ್ಚು ಸೇರಿಸಿ ಗಿರಾಕಿಗೆ ತೋರಿಸುತ್ತಾರೆ. ಹೋಗುವ ಸಾಗಾಟ ನಿಮ್ಮ ಜೇಬಿನಿಂದ ಹೋಗುವುದಿಲ್ಲ.

ಆದರೆ ಪಾರ್ಸೆಲ್ ವಾಪಸ್ ಬರುವುದರಲ್ಲಿ ಎರಡು ಬಗೆ ಇದೆ, ಹೊಸಬರು ಇವೆರಡನ್ನು ಕಲಸಿಕೊಳ್ಳುತ್ತಾರೆ. ಗಿರಾಕಿ ಬಾಗಿಲಲ್ಲೇ ಬೇಡ ಎಂದರೆ, ಅಥವಾ ಮನೆಯಲ್ಲಿ ಇಲ್ಲದಿದ್ದರೆ, ಅದು ಆರ್‌ಟಿಒ. ಅದಕ್ಕೆ ಮೀಶೋ ಸಾಗಾಟದ ದುಡ್ಡು ಕೇಳುವುದಿಲ್ಲ. ಗಿರಾಕಿ ತೆಗೆದುಕೊಂಡು, ನೋಡಿ, ಆಮೇಲೆ ವಾಪಸ್ ಮಾಡಿದರೆ ಅದು ಕಸ್ಟಮರ್ ರಿಟರ್ನ್. ಅದರ ವಾಪಸ್ ಸಾಗಾಟ ಮಾರುವವರ ತಲೆಗೆ.

ಲೆಕ್ಕ ಹಾಕೋಣ. ಪಾಲಿಯೆಸ್ಟರ್ ಖಣ, ನಮ್ಮ ಬೆಲೆ 160. ಕೊಂಡದ್ದು 90, ಕವರ್, ಟೇಪ್ ಸೇರಿ 8. ಉಳಿದದ್ದು 62. ಎನ್ರೋಲ್‌ಮೆಂಟ್ ನಂಬರ್‌ನಲ್ಲಿ ಮಾರಿದರೆ ಜಿಎಸ್‌ಟಿ ಇಲ್ಲ, ಆ್ಯಪ್‌ನವರು ನಿಮ್ಮ ದುಡ್ಡಿನಲ್ಲಿ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಟಿಸಿಎಸ್ ಕಡಿತವೂ ಇಲ್ಲ. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ ಅಲ್ವಾ? ಈಗ 24 ಪಾರ್ಸೆಲ್ ಕಳಿಸಿದೆವು ಅನ್ನಿ. 4 ಆರ್‌ಟಿಒ. ತಲುಪಿದ 20ರಲ್ಲಿ 3 ಕಸ್ಟಮರ್ ರಿಟರ್ನ್, ಒಂದಕ್ಕೆ 160 ರೂಪಾಯಿ ವಾಪಸ್ ಸಾಗಾಟ ಅಂತ ಹಿಡಿಯೋಣ. 17 ಪೀಸಿನ ಲಾಭ 1054. ಅದರಲ್ಲಿ ರಿಟರ್ನ್‌ಗೆ 480 ಹೋಯಿತು. ಹಾಳಾದ ಏಳು ಕವರ್‌ಗೆ 56 ಹೋಯಿತು. ಉಳಿದದ್ದು 518, ಅಂದರೆ ಪೀಸಿಗೆ 30 ರೂಪಾಯಿ. 62 ಅಂದುಕೊಂಡದ್ದು ಅರ್ಧ ಆಯಿತು, ಒಂದು ರೂಪಾಯಿ ಕಮಿಷನ್ ಇಲ್ಲದೆ.

ಇದಕ್ಕೆ ಅಲ್ಲೇ ಒಂದು ಉಪಾಯ ಇದೆ. ಲಿಸ್ಟಿಂಗ್ ಮಾಡುವಾಗ ಎರಡು ಬೆಲೆ ಕೇಳುತ್ತಾರೆ. ಒಂದು ಯಾವ ಕಾರಣಕ್ಕಾದರೂ ವಾಪಸ್ ಮಾಡಬಹುದಾದ ಬೆಲೆ. ಇನ್ನೊಂದು, ತಪ್ಪು ಸರಕು ಅಥವಾ ಹಾಳಾದ ಸರಕು ಬಂದರೆ ಮಾತ್ರ ವಾಪಸ್ ಎನ್ನುವ ಬೆಲೆ, ಇದು ಸ್ವಲ್ಪ ಕಡಿಮೆ ಇರುತ್ತದೆ. ಉಡಿ ಖಣಕ್ಕೆ ಎರಡನೆಯದನ್ನು ಗಿರಾಕಿಗೆ ಆಕರ್ಷಕವಾಗಿ ಇಡಿ. ಮೇಲಿನ ಲೆಕ್ಕದಲ್ಲೇ ರಿಟರ್ನ್ 3ರ ಬದಲು 1 ಆದರೆ 19 ಪೀಸು ಮಾರಾಟವಾಗಿ, ಎಲ್ಲ ಕಳೆದು ಪೀಸಿಗೆ 51 ಉಳಿಯುತ್ತದೆ. ಬೆಲೆ ಐದು ಹತ್ತು ಇಳಿಸಿದರೂ ನಷ್ಟ ಇಲ್ಲ.

ಕೈಮಗ್ಗದ ಖಣವನ್ನು ಇಲ್ಲಿ ಹಾಕಬೇಡಿ ಎಂದು ನಾನು ಶೋಭಕ್ಕನಿಗೆ ಖಂಡಿತವಾಗಿ ಹೇಳಿದೆ. ಪಕ್ಕದಲ್ಲೇ ಅದೇ ತರ ಕಾಣುವ ಪೀಸು ಮೂರರಲ್ಲಿ ಒಂದು ಬೆಲೆಗೆ ಇರುವಾಗ ನಿಮ್ಮದು ಯಾಕೆ ದುಬಾರಿ ಎಂದು ವಿವರಿಸಲು ಅಲ್ಲಿ ಜಾಗ ಕಡಿಮೆ, ಓದುವ ತಾಳ್ಮೆಯೂ ಕಡಿಮೆ. ಆ ನೇಯ್ಗೆಗೆ ಆಗುವ ಅವಮಾನ ಅದು, ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಅಮೆಜಾನ್

ಇಲ್ಲಿ ಗಿರಾಕಿ ಹುಡುಕಿಕೊಂಡು ಬರುತ್ತಾರೆ. ಮುಂಬೈ, ಪುಣೆ, ಬೆಂಗಳೂರಿನಂಥ ನಗರದವರು, ಮೊದಲೇ ದುಡ್ಡು ಕಟ್ಟಿ ತರಿಸುವವರು ಹೆಚ್ಚು ಸಿಗುತ್ತಾರೆ. ವಿವರ ಓದುತ್ತಾರೆ, ಫೋಟೊ ದೊಡ್ಡದು ಮಾಡಿ ನೋಡುತ್ತಾರೆ. ಕೈಮಗ್ಗದ ಖಣಕ್ಕೆ ಇದು ಸರಿಯಾದ ಜಾಗ.

ಶುಲ್ಕ ಮೂರು ತುಂಡು. ವರ್ಗಕ್ಕೆ ತಕ್ಕ ರೆಫರಲ್ ಶುಲ್ಕ, ಮಾರುವ ಬೆಲೆಗೆ ತಕ್ಕ ಕ್ಲೋಸಿಂಗ್ ಶುಲ್ಕ, ತೂಕ ಮತ್ತು ದೂರಕ್ಕೆ ತಕ್ಕ ಸಾಗಾಟ. ಇವುಗಳ ಮೇಲೆ 18% ಜಿಎಸ್‌ಟಿ. ಖಾತೆ ತೆರೆಯುವ ಮೊದಲೇ ಅವರ ಫೀ ಕ್ಯಾಲ್ಕುಲೇಟರ್‌ನಲ್ಲಿ ನಿಮ್ಮ ಬೆಲೆ, ತೂಕ ಹಾಕಿ ನೋಡಬಹುದು. ಆ ದಿನದ ದರವನ್ನೇ ಹಿಡಿಯಿರಿ, ದರ ವರ್ಷದಲ್ಲಿ ಕೆಲವು ಸಲ ಬದಲಾಗುತ್ತದೆ. ನಾನು ಇಲ್ಲಿ ಲೆಕ್ಕ ತೋರಿಸಲು ದುಂಡು ಸಂಖ್ಯೆ ಹಿಡಿಯುತ್ತೇನೆ.

ಕೈಮಗ್ಗದ ಖಣ 649ಕ್ಕೆ ಮಾರಿದೆವು. ಬಟ್ಟೆಗೆ 5% ಜಿಎಸ್‌ಟಿ, 649ರ ಒಳಗೆ ಅದು 31 ರೂಪಾಯಿ. ರೆಫರಲ್ 10% ಎಂದರೆ 65, ಕ್ಲೋಸಿಂಗ್ ಮತ್ತು ಸಾಗಾಟ ಸೇರಿ 95. ಈ 160ರ ಮೇಲೆ ಬೀಳುವ 18%, ಅಂದರೆ 29 ರೂಪಾಯಿ, ನೀವು ಕಟ್ಟಬೇಕಾದ 31ಕ್ಕೆ ಹೊಂದಿಸಿಕೊಳ್ಳಬಹುದು. ಜಿಎಸ್‌ಟಿ ನಂಬರ್ ಇರುವುದರ ನಿಜವಾದ ಅನುಕೂಲ ಇದು, ಆದ್ದರಿಂದ ಅದನ್ನು ಖರ್ಚಿಗೆ ಸೇರಿಸಿಲ್ಲ. 649ರಲ್ಲಿ 31, 160, ಕೊಂಡ 320, ಪ್ಯಾಕಿಂಗ್ 12 ಕಳೆದರೆ 126 ಉಳಿಯಿತು. 20ರಲ್ಲಿ 2 ರಿಟರ್ನ್, ಒಂದಕ್ಕೆ 170 ನಷ್ಟ ಅಂತ ಹಿಡಿದರೂ ಮಾರಿದ 18ಕ್ಕೆ ಪೀಸಿಗೆ 107. ನೀವು ನೋಡುವ ದಿನ ಆ ಬೆಲೆಗೆ ರೆಫರಲ್ ಸೊನ್ನೆ ಇದ್ದರೆ ಇನ್ನೂ 65 ನಿಮ್ಮದು. ಇದಲ್ಲದೆ 0.5% ಜಿಎಸ್‌ಟಿ ಟಿಸಿಎಸ್ ಹಿಡಿಯುತ್ತಾರೆ, ಅದು ನಿಮ್ಮ ಜಿಎಸ್‌ಟಿ ಖಾತೆಗೆ ಜಮೆಯಾಗುತ್ತದೆ, ಹೋದ ದುಡ್ಡಲ್ಲ.

ಅದೇ ಪಾಲಿಯೆಸ್ಟರ್ ಖಣವನ್ನು ಇಲ್ಲಿ 199ಕ್ಕೆ ಹಾಕಿದರೆ? ರೆಫರಲ್ ಇಲ್ಲ ಅಂತಲೇ ಇಟ್ಟುಕೊಳ್ಳಿ. ಜಿಎಸ್‌ಟಿ ಒಂಬತ್ತೂವರೆ, ಕ್ಲೋಸಿಂಗ್ ಮತ್ತು ಸಾಗಾಟ 75, ಕೊಂಡದ್ದು 90, ಪ್ಯಾಕಿಂಗ್ 8. ಉಳಿದದ್ದು ಹದಿನಾರೂವರೆ ರೂಪಾಯಿ. 20ರಲ್ಲಿ ಎರಡು ವಾಪಸ್ ಬಂದು ಒಂದೊಂದಕ್ಕೆ 140 ಹೋದರೆ, 18 ಪೀಸು ಮಾರಿ ಒಟ್ಟು 17 ರೂಪಾಯಿ ಉಳಿಯುತ್ತದೆ. ಇದೇ ಕಾರಣಕ್ಕೆ ನಾನು ಕಮಿಷನ್‌ಗಿಂತ ಸಾಗಾಟ ನೋಡಿ ಎನ್ನುವುದು.

ಆದರೆ ಸಾಗಾಟ ಪೀಸಿಗೆ ಅಲ್ಲ, ಪಾರ್ಸೆಲ್‌ಗೆ. ಒಂದು ಖಣ ಹೆಚ್ಚುಕಡಿಮೆ 90 ಗ್ರಾಂ. ಐದು ಸೇರಿಸಿದರೂ 500 ಗ್ರಾಂನ ಮೊದಲ ಹಂತದೊಳಗೇ ಕೂರುತ್ತದೆ. ಐದರ ಉಡಿ ಸೆಟ್ 749ಕ್ಕೆ: ಜಿಎಸ್‌ಟಿ 36, ಕ್ಲೋಸಿಂಗ್ ಮತ್ತು ಸಾಗಾಟ 95, ಕೊಂಡದ್ದು 450, ಪ್ಯಾಕಿಂಗ್ 15. ರೆಫರಲ್ 10% ಇದ್ದರೂ 78 ಉಳಿಯುತ್ತದೆ, ಇಲ್ಲದಿದ್ದರೆ 153. ಒಂಟಿ ಪೀಸಿನಲ್ಲಿ ಸಾಯುವ ಸರಕು ಸೆಟ್‌ನಲ್ಲಿ ಬದುಕುತ್ತದೆ. ಉಡಿಗೆ ಕೊಳ್ಳುವವರಿಗೆ ಬೇಕಾದದ್ದೂ ಸೆಟ್ಟೇ.

ತೂಕದ ವಿಷಯದಲ್ಲಿ ಒಂದು ಎಚ್ಚರಿಕೆ, ನಾನೇ ಮೊದಲ ವರ್ಷ ದುಡ್ಡು ಕಳೆದುಕೊಂಡದ್ದು ಇದರಲ್ಲಿ. ತಕ್ಕಡಿಯ ತೂಕ ಮತ್ತು ಡಬ್ಬಿಯ ಗಾತ್ರದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಶುಲ್ಕ. ಗಾತ್ರದ ತೂಕ ಹೀಗೆ:

```
ಉದ್ದ × ಅಗಲ × ಎತ್ತರ (ಸೆಂ.ಮೀ.) ÷ 5000 = ಕೆಜಿ
30 × 25 × 8 ÷ 5000 = 1.2
28 × 22 × 3 ÷ 5000 = 0.37
```

ಚಂದ ಕಾಣಲಿ ಅಂತ ಗಟ್ಟಿ ಡಬ್ಬಿಯಲ್ಲಿ ಹಾಕಿ ಕಳಿಸುತ್ತಿದ್ದೆ. ಅರ್ಧ ಕೆಜಿ ಇಲ್ಲದ ಬಟ್ಟೆಗೆ ಒಂದು ಕೆಜಿ ಮೇಲಿನ ದರ ಬೀಳುತ್ತಿತ್ತು. ಎರಡು ತಿಂಗಳಾದ ಮೇಲೆ ಪೇಮೆಂಟ್ ಶೀಟ್‌ನಲ್ಲಿ ತೂಕದ ಕಾಲಂ ನೋಡಿದಾಗ ಗೊತ್ತಾಯಿತು. ಬಟ್ಟೆಗೆ ಚಪ್ಪಟೆ ಕವರ್ ಸಾಕು. ಒಳಗೆ ಒಂದು ಪ್ಲಾಸ್ಟಿಕ್ ಪದರ ಇರಲಿ, ಪುಣೆ, ಮುಂಬೈ ಮಳೆಗೆ ಅದು ಬೇಕೇ ಬೇಕು.

ಇನ್ನೊಂದು ಮಾತು ವರ್ಗದ್ದು. ಖಣವನ್ನು ಬಟ್ಟೆ ಪೀಸು ಅಂತ ಹಾಕುತ್ತೀರಾ, ಹೊಲಿದ ಬ್ಲೌಸ್ ಅಂತ ಹಾಕುತ್ತೀರಾ ಎನ್ನುವುದರ ಮೇಲೆ ರೆಫರಲ್ ದರ ಬದಲಾಗುತ್ತದೆ, ಯಾರ ಪಕ್ಕದಲ್ಲಿ ಕಾಣುತ್ತೀರಿ ಎನ್ನುವುದೂ ಬದಲಾಗುತ್ತದೆ. ಹೊಲಿದ ಬ್ಲೌಸ್ ನಡುವೆ ಹೋದರೆ ಗಿರಾಕಿ ಹೊಲಿದದ್ದು ಅಂದುಕೊಂಡು ತರಿಸಿ ವಾಪಸ್ ಮಾಡುತ್ತಾರೆ. ಹೆಸರಿನಲ್ಲೇ "ಹೊಲಿಯದ ಪೀಸು" ಅಂತ, ಅಳತೆಯ ಜೊತೆ ಬರೆಯಿರಿ. ನೇಕಾರರಿಂದ ತಂದ ಸರಕಿಗೆ ಬಾರ್‌ಕೋಡ್ ಇರುವುದಿಲ್ಲ, ಅದಕ್ಕೆ ಬಾರ್‌ಕೋಡ್ ನಂಬರ್ ಇಲ್ಲದೆ ಹಾಕಲು ಬಿಡುವ ಜಿಟಿಐಎನ್ ವಿನಾಯಿತಿ ಕೇಳಬಹುದು, ಗಾಬರಿ ಬೇಡ.

ಫ್ಲಿಪ್‌ಕಾರ್ಟ್

ಇದು ಎರಡರ ನಡುವೆ ಕೂರುತ್ತದೆ. ಬಟ್ಟೆಬರೆಗೆ ಬರುವ ಗಿರಾಕಿ ಚೆನ್ನಾಗಿ ಇದ್ದಾರೆ, ಬೆಲೆ ನೋಡುತ್ತಾರೆ ಆದರೆ ಮೀಶೋದಷ್ಟು ಅಲ್ಲ. 1000 ಒಳಗೆ ಕಮಿಷನ್ ಸೊನ್ನೆ ಆದ ಮೇಲೆ 300ರಿಂದ 1000ರ ನಡುವಿನ ಸರಕಿಗೆ ಇದನ್ನು ನೋಡಲೇಬೇಕು. ಕಮಿಷನ್ ಹೋದರೂ ಉಳಿದ ಶುಲ್ಕ ಮತ್ತು ಸಾಗಾಟ ಇರುತ್ತದೆ, ಅವರ ರೇಟ್ ಕಾರ್ಡ್‌ನಲ್ಲಿ ನಿಮ್ಮ ವರ್ಗ ತೆಗೆದು ಅಮೆಜಾನ್ ಲೆಕ್ಕದ ಪಕ್ಕದಲ್ಲೇ ಬರೆಯಿರಿ. ಶೋಭಕ್ಕನ ಐದರ ಸೆಟ್‌ಗೆ, ಜಿಎಸ್‌ಟಿ ಆದ ಮೇಲೆ, ನನಗೆ ಇದೇ ಮೊದಲ ಆಯ್ಕೆ ಅನಿಸುತ್ತದೆ. ದೊಡ್ಡ ಸೇಲ್ ನವರಾತ್ರಿಯ ಆಸುಪಾಸಿನಲ್ಲೇ ಬರುತ್ತದೆ, ಖಣದ ಸೀಸನ್ನೂ ಅದೇ.

ನಿಮ್ಮ ಮನೆಯವರೇ ನೇಕಾರರಾಗಿದ್ದರೆ ಫ್ಲಿಪ್‌ಕಾರ್ಟ್ ಸಮರ್ಥ್, ಅಮೆಜಾನ್ ಕಾರಿಗರ್ ಎಂಬ ಎರಡು ಕಾರ್ಯಕ್ರಮ ಇವೆ, ಕೈಕಸುಬಿನವರಿಗೆ ಅಂತಲೇ. ಶೋಭಕ್ಕನ ತಮ್ಮ ಮಗ್ಗ ನಡೆಸುತ್ತಾರೆ, ಅವರ ಹೆಸರಿನಲ್ಲಿ ಮಾಡಬಹುದಾ ಎಂದು ಕೇಳಿದರು. ಮಾಡಬಹುದು, ಆದರೆ ಆಗ ಮಾರುವವರು ಅವರು, ಪಿಕಪ್ ಗುಳೇದಗುಡ್ಡದಿಂದ. ಪುಣೆಯ ಗಿರಾಕಿಗೆ ಹತ್ತಿರದ ದರ ಸಿಗುವುದಿಲ್ಲ. ಪುಣೆಯಿಂದ ಕಳಿಸಿದರೆ ಪುಣೆಯೊಳಗೆ ಸ್ಥಳೀಯ ದರ, ಮಹಾರಾಷ್ಟ್ರದ ಉಳಿದ ಊರಿಗೂ ದೂರದ ದರಕ್ಕಿಂತ ಕಡಿಮೆ. ಗಿರಾಕಿ ಇರುವ ಕಡೆಯೇ ಸರಕು ಇಡುವುದು ಲಾಭ.

ಎಟ್ಸಿ

ಶುರುವಿಗೆ ಬೇಡ. ಲಿಸ್ಟಿಂಗ್‌ಗೆ ನಾಲ್ಕು ತಿಂಗಳಿಗೆ 0.20 ಡಾಲರ್, ಮಾರಾಟದ ಮೇಲೆ ಸಾಗಾಟವನ್ನೂ ಸೇರಿಸಿ 6.5%, ಹಣ ಪಾವತಿಯ ಶುಲ್ಕ ಬೇರೆ, ಅವರ ಹೊರಗಿನ ಜಾಹೀರಾತಿನಿಂದ ಗಿರಾಕಿ ಬಂದರೆ ಸಣ್ಣ ಅಂಗಡಿಗೆ ಇನ್ನೂ 15%. ಈ ಕೊನೆಯದನ್ನು ಸೆಟ್ಟಿಂಗ್‌ನಲ್ಲಿ ಆಫ್ ಮಾಡಬಹುದು. ಅಮೆರಿಕ 2025ರ ಆಗಸ್ಟ್ 29ರಿಂದ 800 ಡಾಲರ್ ಒಳಗಿನ ಪಾರ್ಸೆಲ್‌ಗೂ ಸುಂಕ ಹಾಕುತ್ತಿದೆ. ಹಾಗಾಗಿ ಒಂದು ಖಣದ ಸಣ್ಣ ಪಾರ್ಸೆಲ್ ಕಳಿಸುವುದು ಈಗ ಮೊದಲಿನಷ್ಟು ಸುಲಭ ಅಲ್ಲ. ಒಂದು ವಿಷಯಕ್ಕೆ ಮಾತ್ರ ಇದನ್ನು ನೆನಪಿಡಿ: 20 ವರ್ಷಕ್ಕಿಂತ ಹಳೆಯ ವಸ್ತುವನ್ನು ಎಟ್ಸಿ ವಿಂಟೇಜ್ ಅಂತ ಮಾರಲು ಬಿಡುತ್ತದೆ. ಅಜ್ಜಿಯ ಪೆಟ್ಟಿಗೆಯಲ್ಲಿ ಹೊಲಿಸದೆ ಉಳಿದ ಹಳೆಯ ಕೈಮಗ್ಗದ ಖಣ ಇದ್ದರೆ ಅದಕ್ಕೆ ಬೆಲೆ ಕೊಡುವವರು ಅಲ್ಲಿದ್ದಾರೆ.

ಹಾಗಾದರೆ ಯಾರಿಗೆ ಯಾವುದು

ಕೈಯಲ್ಲಿ ಐದು ಹತ್ತು ಸಾವಿರ ಇದೆ, ಮಹಾರಾಷ್ಟ್ರದಲ್ಲಿದ್ದೀರಿ, ಸರಕು 200 ರೂಪಾಯಿ ಒಳಗಿನದು, ಇಲ್ಲಿಯವರಿಗೇ ಬೇಕಾದದ್ದು ಎಂದರೆ ಎನ್ರೋಲ್‌ಮೆಂಟ್ ನಂಬರ್ ಮತ್ತು ಮೀಶೋ. ಸರಕು 400 ದಾಟುತ್ತದೆ, ಮುಟ್ಟಿ ನೋಡಿ ಕೊಳ್ಳುವಂಥದ್ದು, ಅಥವಾ ನೀವು ಗೋವಾದಲ್ಲಿದ್ದೀರಿ ಎಂದರೆ ಜಿಎಸ್‌ಟಿ ಮಾಡಿಸಿ ಅಮೆಜಾನ್ ಅಥವಾ ಫ್ಲಿಪ್‌ಕಾರ್ಟ್. ಇವೆರಡರ ನಡುವೆ ತೀರ್ಮಾನ ಮಾಡಲು ಮೇಲೆ ಹೇಳಿದ ಇಪ್ಪತ್ತು ಪೀಸಿನ ಬೆಲೆಯ ಪಟ್ಟಿ ಸಾಕು, ನಡುವಿನ ಬೆಲೆ ಎಲ್ಲಿ ಜಾಸ್ತಿ ಇದೆಯೋ ಅಲ್ಲಿ. ಜಿಎಸ್‌ಟಿ ಲೆಕ್ಕಕ್ಕೆ ತಿಂಗಳಿಗೆ ಯಾರಿಗಾದರೂ ದುಡ್ಡು ಕೊಡಬೇಕಾದರೆ ಅದನ್ನೂ ಸೇರಿಸಿ. ತಿಂಗಳಿಗೆ 500 ಆಗುತ್ತದೆ ಎಂದರೆ, ಪೀಸಿಗೆ 107 ಉಳಿಯುವ ಕೈಮಗ್ಗದ ಖಣದಲ್ಲಿ ಮೊದಲ ಐದು ಪೀಸು ಅದಕ್ಕೇ ಹೋಗುತ್ತದೆ. ತಿಂಗಳಿಗೆ ಹತ್ತು ಪೀಸೂ ಹೋಗದಿದ್ದರೆ ಜಿಎಸ್‌ಟಿಗೆ ಆತುರ ಬೇಡ.

ಎರಡು ಆ್ಯಪ್‌ನಲ್ಲಿ ಒಟ್ಟಿಗೆ ಶುರು ಮಾಡಬೇಡಿ. ಸರಕು ಕಡಿಮೆ ಇರುವಾಗ ಒಂದೇ ಪೀಸು ಎರಡು ಕಡೆ ಮಾರಾಟವಾಗುತ್ತದೆ, ಒಂದನ್ನು ಕ್ಯಾನ್ಸಲ್ ಮಾಡಬೇಕಾಗುತ್ತದೆ. ಹೊಸ ಖಾತೆಗೆ ಕ್ಯಾನ್ಸಲ್ ಆದ ಆರ್ಡರ್ ಬಹಳ ಕೆಟ್ಟದ್ದು.

ಶೋಭಕ್ಕ ಈಗ ಎನ್ರೋಲ್‌ಮೆಂಟ್ ನಂಬರ್ ತೆಗೆದುಕೊಂಡಿದ್ದಾರೆ. ಮೀಶೋದಲ್ಲಿ ಪಾಲಿಯೆಸ್ಟರ್ ಖಣದ ಆರು ಬಣ್ಣ ಒಂಟಿಯಾಗಿ, ಮತ್ತೆ ಐದರ ಉಡಿ ಸೆಟ್ ಒಂದು ಹಾಕುತ್ತಿದ್ದಾರೆ. ಕೈಮಗ್ಗದ ಖಣ ಸದ್ಯಕ್ಕೆ ಗೆಳತಿಯರ ವಾಟ್ಸ್ಯಾಪ್‌ನಲ್ಲೇ ಹೋಗಲಿ, ಅಲ್ಲಿ ಮುಟ್ಟಿ ನೋಡಿ ಪೂರ್ತಿ ಬೆಲೆ ಕೊಡುತ್ತಾರೆ. ಮೊದಲ 24 ಪಾರ್ಸೆಲ್ ಆದ ಮೇಲೆ ಪೇಮೆಂಟ್ ಶೀಟ್ ತೆಗೆದುಕೊಂಡು ಮತ್ತೆ ಕೂರುತ್ತೇವೆ. ಪೀಸಿಗೆ 40 ಮೇಲೆ ಉಳಿದಿದ್ದರೆ ಗೌರಿ ಹಬ್ಬಕ್ಕೆ ಮುಂಚೆ ಇನ್ನೊಂದು ಗಂಟು. 25ಕ್ಕಿಂತ ಕೆಳಗೆ ಇದ್ದರೆ ಒಂಟಿ ಪೀಸು ತೆಗೆದು ಸೆಟ್ ಮಾತ್ರ. ನಡುವೆ ಇದ್ದರೆ ಯಾವ ಬಣ್ಣಕ್ಕೆ ರಿಟರ್ನ್ ಜಾಸ್ತಿ ಬಂದಿದೆ ನೋಡಿ ಆ ಬಣ್ಣದ ಫೋಟೊವನ್ನು ಬಾಲ್ಕನಿಯ ಹಗಲು ಬೆಳಕಿನಲ್ಲಿ ಮತ್ತೆ ತೆಗೆಯುತ್ತೇವೆ.